ಬಿಳಿ ಒಂದನ್ನೇ ನೋಡಿ ಶೋಕ ಅನ್ನಬೇಡಿ

"ನಮ್ಮಲ್ಲಿ ಬಿಳಿ ಸೀರೆ ಅಂದ್ರೆ ಶೋಕ ತಾನೇ? ಮತ್ತೆ ರವಿವರ್ಮನ ಸರಸ್ವತಿಗೆ ಯಾಕೆ ಬಿಳಿ?"

ಅಕ್ಕಾ, ಚಿತ್ರದಲ್ಲಿ ಬಣ್ಣವನ್ನು ಒಂಟಿಯಾಗಿ ಓದಬಾರದು, ಜೊತೆಗೆ ಏನೇನಿದೆ ಅಂತ ನೋಡಬೇಕು. ಆ ಸರಸ್ವತಿಯ ಸೀರೆಗೆ ಜರಿ ಅಂಚಿದೆ, ಮೈಮೇಲೆ ಒಡವೆ ಇದೆ, ಕೈಯಲ್ಲಿ ವೀಣೆ, ಪಕ್ಕದಲ್ಲಿ ನವಿಲು. ಅಲ್ಲಿ ಬಿಳಿ ವಿದ್ಯೆಯ ನಿರ್ಮಲತೆ. ವಿಧವೆಯನ್ನು ತೋರಿಸುವ ಚಿತ್ರದಲ್ಲಾದರೆ ಬಿಳಿಯ ಜೊತೆ ಬೋಳು ಹಣೆ, ಬಳೆಯಿಲ್ಲದ ಕೈ ಇರುತ್ತದೆ. ಶೋಕವನ್ನು ಹೇಳುವುದು ಈ ಇಲ್ಲದಿರುವ ವಸ್ತುಗಳೇ ಜಾಸ್ತಿ.

ಯುರೋಪಿನಲ್ಲಿ ಶೋಕಕ್ಕೆ ಬರೀ ಕಪ್ಪು ಅನ್ನುವುದೂ ಪೂರ್ತಿ ಸರಿಯಲ್ಲ. ಫ್ರಾನ್ಸ್ವಾ ಕ್ಲೂಯೆ ಬಿಡಿಸಿದ ಸ್ಕಾಟ್ಲೆಂಡಿನ ರಾಣಿ ಮೇರಿಯ ಚಿತ್ರ ನೋಡಿ. 1559-60ರಲ್ಲಿ ಮಾವ, ತಾಯಿ, ಗಂಡ, ಮೂವರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಗಂಡ ಫ್ರಾನ್ಸಿನ ರಾಜನಾಗಿದ್ದ, ಹಾಗಾಗಿ ಅಲ್ಲಿನ ರಾಜಮನೆತನದ ಪದ್ಧತಿಯಂತೆ ಅವಳು ಬಿಳಿ ಶೋಕವಸ್ತ್ರ ತೊಟ್ಟಳು. ಆದರೆ 1558ರ ತನ್ನ ಮದುವೆಗೂ ಅವಳು ಬಿಳಿಯನ್ನೇ ಉಟ್ಟಿದ್ದಳು! ಹಾಗಾದರೆ ಈ ಚಿತ್ರ ಶೋಕದ್ದು ಅಂತ ಗೊತ್ತಾಗುವುದು ಹೇಗೆ? ತಲೆಗೆ ಬಿಳಿ ಕುಲಾವಿ, ಅದರ ಮೇಲೆ ತೆಳು ಮುಸುಕು, ಕತ್ತಿನಿಂದ ಎದೆಯ ಮೇಲೆ ಇಳಿದ ನೆರಿಗೆಯ ಬಟ್ಟೆ. ಈ ಉಡುಪೇ ಸುಳಿವು, ಬಣ್ಣ ಅಲ್ಲ.

ಇನ್ನೊಂದು ಮಾತು. ರವಿವರ್ಮನ ಅಚ್ಚುಕೂಟ ಶುರುವಾದದ್ದು ನಮ್ಮ ಮುಂಬೈಯಲ್ಲೇ, 1894ರಲ್ಲಿ. ಡೊಂಬಿವಲಿ, ಮಾಟುಂಗದ ಕನ್ನಡ ಮನೆಗಳಲ್ಲಿ ಆ ಹಳೇ ಪಟಗಳು ಇನ್ನೂ ಇದ್ದರೆ ಹುಷಾರಾಗಿ ನೋಡಿ. ವಾರ್ನಿಷ್ ಹಳದಿ ತಿರುಗಿ ಬಿಳಿ ಸೀರೆ ಕೆನೆ ಬಣ್ಣಕ್ಕೆ ಬಂದಿರುತ್ತದೆ. ಬಿಸಿಲು ಬಿದ್ದ ಗೋಡೆಯಲ್ಲಿ ಕೆಂಪೂ ಮಾಸಿರಬಹುದು. ಚೌಕಟ್ಟಿನ ಅಂಚಿನ ಕೆಳಗೆ ಬೆಳಕು ತಾಗದ ಪಟ್ಟಿಯಲ್ಲಿ ಮೂಲ ಬಣ್ಣದ ಸುಳಿವು ಸಿಗಬಹುದು. ಅರ್ಥ ಹೇಳುವ ಮೊದಲು ಅಲ್ಲಿ ನೋಡಿ.