ನೈಟ್ ಡ್ಯೂಟಿಯ ಮೊದಲ ಸುತ್ತು

ರಾತ್ರಿ ಪಾಳಿಗೆ ಬಂದ ಸಿಸ್ಟರ್ ಕೇಸ್ ಶೀಟ್ ಹಿಡಿದು ಕೂರುವ ಮೊದಲು ಒಂದು ಸಲ ಪ್ರತಿ ಬೆಡ್ ಹತ್ತಿರ ಹೋಗಿ, ತನ್ನ ಹೆಸರು ಹೇಳಿ, ಬೆಳಗ್ಗೆವರೆಗೆ ಇಲ್ಲೇ ಇರ್ತೀನಿ ಅಂತ ತಿಳಿಸಬೇಕು. ನಾನು ಸರ್ಜಿಕಲ್ ವಾರ್ಡಿನ ನರ್ಸ್. ಈ ವಿಷಯದಲ್ಲಿ ನಾನು ಹಠಮಾರಿ ಅಂತ ಜೊತೆಯವರಿಗೆಲ್ಲ ಗೊತ್ತು. ಯಾಕೆ ಅಂತ ಇವತ್ತು ಪೂರ್ತಿ ಬರೀತೀನಿ.

ನಮ್ಮಲ್ಲಿ ನೈಟ್ ಡ್ಯೂಟಿ ರಾತ್ರಿ ಎಂಟಕ್ಕೆ ಶುರು. ಅಷ್ಟೊತ್ತಿಗೆ ಸಂಜೆಯ ಡಾಕ್ಟರ್ ರೌಂಡ್ಸ್ ಮುಗಿದಿರುತ್ತದೆ. ನೋಡಲು ಬಂದ ನೆಂಟರೂ ಹೊರಟಿರುತ್ತಾರೆ. ಮಧ್ಯಾಹ್ನದಿಂದ ನೋಡಿಕೊಂಡ ಸಿಸ್ಟರ್ ಬ್ಯಾಗ್ ಎತ್ತಿಕೊಳ್ಳುವುದನ್ನು ಪೇಶೆಂಟ್ ಮಲಗಿದಲ್ಲಿಂದಲೇ ನೋಡುತ್ತಿರುತ್ತಾರೆ. ಆಗ ಅವರ ತಲೆಯಲ್ಲಿ ಇರುವ ಪ್ರಶ್ನೆ ಸರಳ: ಈಗ ಬಂದವರಿಗೆ ನನ್ನ ವಿಷಯ ಗೊತ್ತಾ? ಅದಕ್ಕೇ ಹೋಗುವ ಪಾಳಿಯವರು ಬರುವ ಪಾಳಿಯವರಿಗೆ ಪೇಶೆಂಟ್ ವಿಷಯ ಒಪ್ಪಿಸುವ ಹ್ಯಾಂಡೋವರ್ ಬೆಡ್ ಪಕ್ಕದಲ್ಲೇ ಆಗಬೇಕು. ಹೋಗುವವರು ಬರುವವರನ್ನು ತೋರಿಸಿ, "ರಾತ್ರಿಗೆ ಇವರಿರ್ತಾರೆ ಅಮ್ಮಾ, ನಿಮ್ಮ ನೋವಿನ ವಿಷಯ ಹೇಳಿದ್ದೀನಿ" ಅಂದರೆ ಅರ್ಧ ಆತಂಕ ಇಳಿಯುತ್ತದೆ. ಆದರೆ ಎಲ್ಲವನ್ನೂ ಅಲ್ಲಿ ಮಾತಾಡುವ ಹಾಗಿಲ್ಲ. ಎಚ್‌ಐವಿ, ಗರ್ಭಪಾತ, ಇನ್ನೂ ಪೇಶೆಂಟ್‌ಗೇ ತಿಳಿಸದ ಕ್ಯಾನ್ಸರ್ ರಿಪೋರ್ಟ್, ಇಂಥದ್ದೆಲ್ಲ ಸ್ಟೇಷನ್‌ನಲ್ಲೇ ಮುಗಿಸಿಕೊಂಡು ಬರಬೇಕು. ಜನರಲ್ ವಾರ್ಡಿನಲ್ಲಿ ಎರಡು ಬೆಡ್ ಆಚೆಯವರಿಗೂ ಎಲ್ಲ ಕೇಳಿಸುತ್ತದೆ.

ಈಗ ಒಬ್ಬ ಅಜ್ಜಿಯ ವಿಷಯ ಹೇಳ್ತೀನಿ. ಬಚ್ಚಲಲ್ಲಿ ಜಾರಿ ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿತ್ತು. ಹಿಂದಿನ ದಿನ ಆಪರೇಷನ್ ಆಗಿತ್ತು. ಎಡಗಿವಿ ಮಂದ. ಕನ್ನಡಕ ಮಗನ ಬ್ಯಾಗಿನಲ್ಲಿತ್ತು. ಮಧ್ಯಾಹ್ನ ಚೆನ್ನಾಗಿ ಮಾತಾಡುತ್ತಿದ್ದವರು ಸಂಜೆಯಿಂದ ಹೊದಿಕೆ ಕಿತ್ತು ಹಾಕುತ್ತಿದ್ದಾರೆ, "ಎದ್ದು ಹೋಗ್ಬೇಕು" ಅಂತಿದ್ದಾರೆ ಅಂತ ಹ್ಯಾಂಡೋವರ್‌ನಲ್ಲಿ ಹೇಳಿದರು.

ನಾನು ಬಲಗಡೆಗೆ ಹೋಗಿ ನಿಂತೆ. ಮುಖದ ಮೇಲೆ ಬೆಳಕು ಬೀಳುವ ಹಾಗೆ ನಿಲ್ಲಬೇಕು. ದೀಪ ನಮ್ಮ ಬೆನ್ನ ಹಿಂದಿದ್ದರೆ ಅವರಿಗೆ ಕಾಣುವುದು ಕಪ್ಪು ಆಕಾರ ಮಾತ್ರ. ಮೊದಲು ಕನ್ನಡಕ ತರಿಸಿ ಹಾಕಿದೆ. ಅಂಗೈಯನ್ನು ಅವರ ಕೈ ಮೇಲಿಟ್ಟು, ನನ್ನ ಹೆಸರು ಹೇಳಿ, "ಅಜ್ಜಿ, ನಾನು ರಾತ್ರಿ ಡ್ಯೂಟಿ ಸಿಸ್ಟರು. ಬೆಳಗ್ಗೆ ಎಂಟರವರೆಗೂ ಇಲ್ಲೇ ಇರ್ತೀನಿ. ನಿಮ್ಮ ಹೆಸರೇನು ಹೇಳಿ?" ಅಂದೆ.

ಹೆಸರನ್ನು ಹೀಗೇ ಕೇಳಬೇಕು. "ನೀವು ಲಕ್ಷ್ಮಮ್ಮ ಅಲ್ವಾ?" ಅಂತ ಕೇಳಿದರೆ ಅರೆನಿದ್ದೆಯಲ್ಲಿರುವವರು, ಕಿವಿ ಕೇಳದವರು, ನಮ್ಮನ್ನು ಕಂಡರೆ ಹೆದರುವವರು ಎಲ್ಲರೂ "ಹ್ಞೂಂ" ಅಂತಾರೆ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದ ದಿನ ಆ ಒಂದು "ಹ್ಞೂಂ"ನಿಂದ ಇಂಜೆಕ್ಷನ್ ಅದಲುಬದಲಾಗಬಹುದು. ಅವರ ಬಾಯಿಂದ ಹೆಸರು ಬರಬೇಕು, ಆಮೇಲೆ ಕೈಪಟ್ಟಿಯ ನಂಬರ್ ನೋಡಬೇಕು.

ಅಜ್ಜಿ ಹೆಸರು ಹೇಳಿದರು. ವಾಕ್ಯದ ಮಧ್ಯೆ ಏದುಸಿರಿಲ್ಲ, ಕೈ ಬೆಚ್ಚಗಿದೆ, ಹಿಡಿತ ಗಟ್ಟಿಯಾಗಿದೆ. ಮಾತಾಡಿಸುವಾಗಲೇ ಇಷ್ಟು ತಿಳಿಯುತ್ತದೆ. ಎಲ್ಲಿದ್ದೀರಿ ಅಂದೆ. "ಮನೇಲಿ" ಅಂದರು. ಭಾನುವಾರದಿಂದ ಶುರು ಮಾಡಿ ವಾರದ ಹೆಸರುಗಳನ್ನು ಹಿಂದಕ್ಕೆ ಹೇಳಿ ಅಂದೆ. ಶನಿವಾರ, ಶುಕ್ರವಾರ ಅಂದವರು ಅಲ್ಲಿಗೇ ನಿಂತು, ಹೊದಿಕೆಯ ಅಂಚು ಎಳೆಯತೊಡಗಿದರು.

ವಯಸ್ಸಾದವರಿಗೆ ದೊಡ್ಡ ಆಪರೇಷನ್ ಆದ ಮೇಲೆ ಹೀಗೆ ಇದ್ದಕ್ಕಿದ್ದಂತೆ ಗೊಂದಲ ಬರುವುದಕ್ಕೆ ಡೆಲಿರಿಯಂ ಅಂತಾರೆ. ಹಗಲು ಸರಿಯಿದ್ದು ಸಂಜೆಯ ಮೇಲೆ ಜಾಸ್ತಿಯಾಗುವುದು ಇದರ ಗುಣ. ಅರುಳು ಮರುಳು, ವಯಸ್ಸಾಯ್ತು ಅಂತ ಬಿಡುವ ಹಾಗಿಲ್ಲ, ಯಾಕಂದ್ರೆ ಇದರ ಹಿಂದೆ ಸಾಮಾನ್ಯವಾಗಿ ಕಾರಣ ಇರುತ್ತದೆ: ನೋವು, ಸೋಂಕು, ಆಮ್ಲಜನಕ ಕಡಿಮೆ, ಸಕ್ಕರೆ ಅಥವಾ ಸೋಡಿಯಂ ಏರುಪೇರು, ಮಲಬದ್ಧತೆ, ಕಟ್ಟಿಕೊಂಡ ಮೂತ್ರ. ಗಲಾಟೆ ಮಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಸುಮ್ನೆ ಗೋಡೆ ಕಡೆ ತಿರುಗಿ ಮಲಗಿರುವವರಿಗೂ ಡೆಲಿರಿಯಂ ಇರಬಹುದು. ಅವರು "ಪಾಪ, ತೊಂದರೆ ಕೊಡಲ್ಲ" ಅನ್ನಿಸಿಕೊಂಡು ಬೆಳಗ್ಗೆವರೆಗೆ ಹಾಗೇ ಉಳಿದುಬಿಡುತ್ತಾರೆ. ಮಾತಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಅಜ್ಜಿ ಯಾಕೆ ಏಳಬೇಕು ಅಂತಿದ್ದರು? ಕೇಳಿದರೆ, "ಒಂದಕ್ಕೆ ಹೋಗ್ಬೇಕು ಕಣಮ್ಮಾ." ಮೂತ್ರ ಚೀಲಕ್ಕೆ ಇಳಿಯಲು ಹಾಕುವ ಟ್ಯೂಬ್, ಅಂದರೆ ಕ್ಯಾತಿಟರ್, ಮೊದಲೇ ಹಾಕಿತ್ತು. ಅದಿದ್ದರೂ ಕೆಲವರಿಗೆ ಮೂತ್ರ ಬಂದಂತೆ ಅನ್ನಿಸುತ್ತಲೇ ಇರುತ್ತದೆ. ಅದು ಅಂಥದ್ದೇ ಅಂತ ಹೇಳಿ ಹೋಗಿಬಿಡುವುದು ಸುಲಭ. ನಾನು ಚೀಲ ನೋಡಿದೆ. ಮೂರ್ನಾಲ್ಕು ಗಂಟೆಯಿಂದ ಏನೂ ತುಂಬಿಲ್ಲ. ಹೊದಿಕೆ ಎತ್ತಿ ನೋಡಿದರೆ ಟ್ಯೂಬ್ ತೊಡೆಯ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಬಿಡಿಸಿದ ಕೂಡಲೇ ಮೂತ್ರ ಇಳಿಯಿತು, ಅಜ್ಜಿಯ ಮುಖದ ಬಿಗಿಯೂ ಸಡಿಲಾಯಿತು. ಆಮ್ಲಜನಕ, ಸಕ್ಕರೆ, ಜ್ವರ, ಬಿಪಿ ನೋಡಿ, ನೋವೆಷ್ಟು ಅಂತ ಕೇಳಿ, ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. "ಮಧ್ಯಾಹ್ನ ಸರಿಯಿದ್ದರು, ಸಂಜೆಯಿಂದ ಗೊಂದಲ, ಕ್ಯಾತಿಟರ್ ಮಡಚಿತ್ತು, ಈಗ ಹರಿಯುತ್ತಿದೆ, ಬಂದು ನೋಡಿ ಸರ್" ಅಂತ ಹೇಳಿದೆ. ಅವರು ಬಂದು ನೋಡಿ, ರಕ್ತ ಪರೀಕ್ಷೆಗೆ ಕಳಿಸಿ, ನೋವಿನ ಔಷಧಿ ಬರೆದರು. ಗೊಂದಲ ಒಂದೇ ರಾತ್ರಿಯಲ್ಲಿ ಪೂರ್ತಿ ಹೋಗಲಿಲ್ಲ. ಆದರೆ ಎದ್ದು ಇಳಿಯುವ ಪ್ರಯತ್ನ ನಿಂತಿತು.

ಆಮೇಲೆ ರಾತ್ರಿ ಏನೇನು ನಡೆಯುತ್ತದೆ ಅಂತ ಹೇಳಿದೆ. "ಇನ್ನು ಸ್ವಲ್ಪ ಹೊತ್ತಿಗೆ ಇಂಜೆಕ್ಷನ್ ಇದೆ. ಎರಡು ಗಂಟೆಗೆ ಬಿಪಿ ನೋಡೋಕೆ ಬರ್ತೀನಿ, ಎಬ್ಬಿಸಿದರೆ ಗಾಬರಿಯಾಗ್ಬೇಡಿ." ಬೇರೆ ಯಾವ ಮಾತಿಗಿಂತ ಇದಕ್ಕೆ ಜಾಸ್ತಿ ಬೆಲೆ. ಗಾಢ ನಿದ್ದೆಯಲ್ಲಿರುವವರ ತೋಳಿಗೆ ಕತ್ತಲಲ್ಲಿ ಯಾರೋ ಪಟ್ಟಿ ಸುತ್ತಿ ಬಿಗಿ ಮಾಡಿದರೆ ಹೇಗಿರುತ್ತದೆ ಯೋಚಿಸಿ. ಗೊಂದಲದಲ್ಲಿರುವವರು ಇದನ್ನು ಮರೆಯುತ್ತಾರೆ, ಹಾಗಾಗಿ ಎರಡು ಗಂಟೆಗೆ ಮತ್ತೆ ಹೆಸರು ಹೇಳಿಯೇ ಶುರು ಮಾಡಬೇಕು. ಮಗನಿಗೂ ಕುರ್ಚಿಯನ್ನು ಅಮ್ಮನಿಗೆ ಕಾಣುವ ಕಡೆ ಹಾಕಿಕೊಳ್ಳಿ ಅಂದೆ.

"ಏನೂ ಆಗಲ್ಲ" ಅಂತ ಮಾತ್ರ ನಾನು ಹೇಳಲ್ಲ. ನಮಗೇ ಗೊತ್ತಿಲ್ಲದ್ದನ್ನು ಹೇಳಬಾರದು. "ಈಗ ಬರ್ತೀನಿ" ಅನ್ನುವುದೂ ಬೇಡ. ಆ "ಈಗ" ಯಾವಾಗ ಅಂತ ಕಾಯುತ್ತಾ ಅವರು ಬಾಗಿಲನ್ನೇ ನೋಡುತ್ತಿರುತ್ತಾರೆ. "ಆ ಕಡೆಯ ಮೂರು ಬೆಡ್ ಮುಗಿಸಿ ಬರ್ತೀನಿ" ಅನ್ನಿ, ಮುಗಿಸಿ ಬನ್ನಿ.

ಇಂಗ್ಲೆಂಡಿನಲ್ಲಿ ಕೇಟ್ ಗ್ರೇಂಜರ್ ಅಂತ ಒಬ್ಬ ಡಾಕ್ಟರ್ ಇದ್ದರು. ವಯಸ್ಸಾದವರನ್ನು ನೋಡುವ ವಿಭಾಗದವರು. ಅವರಿಗೇ ಕ್ಯಾನ್ಸರ್ ಬಂದು 2013ರಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ನೋಡಲು ಬರುವ ಎಷ್ಟೋ ಮಂದಿ ತಮ್ಮ ಹೆಸರೇ ಹೇಳುವುದಿಲ್ಲ ಅಂತ ಗಮನಿಸಿದರು. "ಹಲೋ, ಮೈ ನೇಮ್ ಈಸ್" ಅನ್ನುವ ಅಭಿಯಾನ ಶುರು ಮಾಡಿದರು. 2016ರಲ್ಲಿ ತೀರಿಕೊಂಡರು. ಆಸ್ಪತ್ರೆಯ ಒಳಹೊರಗು ಗೊತ್ತಿದ್ದ ಡಾಕ್ಟರಿಗೇ ಅದು ಅಷ್ಟು ನೋವು ಕೊಟ್ಟಿದ್ದರೆ, ಮೊದಲ ಸಲ ಊರು ಬಿಟ್ಟು ದೊಡ್ಡಾಸ್ಪತ್ರೆಗೆ ಬಂದ ಅಜ್ಜಿಗೆ ಹೇಗಾಗಿರಬೇಡ!

ಇಷ್ಟೆಲ್ಲ ಮಾಡೋಕೆ ಟೈಮ್ ಎಲ್ಲಿದೆ ಅಂತ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಮೂವತ್ತು ಬೆಡ್‌ಗೆ ಒಬ್ಬರೇ ಇರುವ ರಾತ್ರಿಗಳನ್ನು ನಾನೂ ಕಂಡಿದ್ದೀನಿ. ಅಂಥ ರಾತ್ರಿ ಹೊಸದಾಗಿ ಆಪರೇಷನ್ ಆದವರು, ಆಕ್ಸಿಜನ್ ಮೇಲಿರುವವರು, ಜೊತೆಗೆ ಯಾರೂ ಇಲ್ಲದವರು ಮೊದಲು. ಉಳಿದವರಿಗೆ ಬೆಡ್ ಕಾಲ ಬಳಿ ನಿಂತು ಹೆಸರು ಹೇಳಿ, ಡ್ರಿಪ್ ಹಾಕಿದ ಕೈ ಊದಿದೆಯಾ ನೋಡಿ, ಮುಂದೆ ಹೋಗುವುದು. ಆದರೆ ಡ್ಯೂಟಿ ಪಟ್ಟಿ ಬರೆಯುವವರಿಗೆ ನನ್ನ ಒಂದು ಬೇಡಿಕೆ ಇದೆ. ಒಂದು ಪಾಳಿ ಎಂಟಕ್ಕೆ ಮುಗಿದು ಇನ್ನೊಂದು ಎಂಟಕ್ಕೇ ಶುರು ಅಂತ ಬರೆದರೆ ಹ್ಯಾಂಡೋವರ್‌ಗೆ ಲೆಕ್ಕದಲ್ಲಿ ಜಾಗವೇ ಇರುವುದಿಲ್ಲ. ಇಬ್ಬರೂ ಒಟ್ಟಿಗಿರುವ ಅರ್ಧ ಗಂಟೆಯನ್ನು ಡ್ಯೂಟಿ ಅಂತಲೇ ಬರೆಯಿರಿ, ಅದಕ್ಕೂ ಸಂಬಳ ಕೊಡಿ.