‘ಹಿಡಿದು ಬಿಟ್ಟರು’, ‘ಹಿಡಿದುಬಿಟ್ಟರು’: ನಡುವಿನ ಆ ಒಂದು ಜಾಗ

ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಇಂಥದೊಂದು ವಾಕ್ಯ ಬಂತು ಅಂದುಕೊಳ್ಳಿ: ‘ಪಾಲಿಕೆಯವರು ಬೆಳಗ್ಗೆ ಪಾರ್ಕಿನ ನಾಯಿಗಳನ್ನು ಹಿಡಿದು ಬಿಟ್ಟರು.’ ಈಗ ನಾಯಿಗಳು ಎಲ್ಲಿವೆ? ಬೀದಿನಾಯಿ ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ತಂದು ಬಿಡುವ ಪದ್ಧತಿ ಗೊತ್ತಿರುವ ಬೆಂಗಳೂರಿನವರಿಗೆ ಇದರ ಅರ್ಥ ‘ಮತ್ತೆ ಪಾರ್ಕಿಗೇ ತಂದು ಬಿಟ್ಟಿದ್ದಾರೆ’ ಎಂದೇ. ಆದರೆ ಬರೆದವರು ಹೇಳಹೊರಟದ್ದು ‘ಅಂತೂ ಹಿಡಿದರು, ಕೆಲಸ ಮುಗಿಯಿತು’ ಎಂದಿದ್ದರೆ ಅದು ‘ಹಿಡಿದುಬಿಟ್ಟರು’ ಆಗಬೇಕಿತ್ತು. ಅಕ್ಷರಗಳೆಲ್ಲ ಅವೇ. ಒಂದು ಜಾಗ ಬಿಟ್ಟದ್ದರಿಂದ ಸುದ್ದಿ ತಿರುಗಿಬಿತ್ತು.

ಬಾಯಲ್ಲಿ ಹೇಳುವಾಗ ಈ ಗೊಂದಲವೇ ಇಲ್ಲ. ‘ಹಿಡ್ದುಬಿಟ್ರು’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಹಿಡಿದು ಆಮೇಲೆ ಬಿಟ್ಟಿದ್ದರೆ ‘ಹಿಡಿದು’ ಆದ ಮೇಲೆ ಸ್ವಲ್ಪ ತಡೆಯುತ್ತೇವೆ. ಆ ತಡೆಯನ್ನು ಬರಹದಲ್ಲಿ ತೋರಿಸಲು ನಮ್ಮ ಬಳಿ ಇರುವುದು ಖಾಲಿ ಜಾಗವೊಂದೇ.

ಈ ತೊಂದರೆ ಎಲ್ಲ ಕ್ರಿಯಾಪದಗಳಿಗೂ ಬರುವುದಿಲ್ಲ, ಅದಕ್ಕೆ ಕಾರಣವಿದೆ. ಸಹಾಯಕ್ಕೆ ಬರುವ ಎರಡನೆಯ ಪದ ಸ್ವರದಿಂದ ಶುರುವಾದರೆ ಸಂಧಿಯೇ ಕೆಲಸ ಮಾಡುತ್ತದೆ. ಬರೆದು + ಇಟ್ಟ = ಬರೆದಿಟ್ಟ, ಬಂದು + ಇಲ್ಲ = ಬಂದಿಲ್ಲ, ಮಾಡಿ + ಇದ್ದಾನೆ = ಮಾಡಿದ್ದಾನೆ. ಮೊದಲ ಪದದ ಕೊನೆಯ ಸ್ವರ ಲೋಪವಾಗಿ ಎರಡೂ ಬೆಸೆದುಕೊಳ್ಳುತ್ತವೆ, ಹಾಗೆ ಬೆಸೆದ ಮೇಲೆ ನಡುವೆ ಜಾಗ ಬಿಡಲು ಹೋದರೂ ಆಗುವುದಿಲ್ಲ. ಇಲ್ಲಿ ನೆನಪಿಡಬೇಕಾದದ್ದು ಇಷ್ಟು: ಕೂಡಿಸಿದರೆ ಸಂಧಿ ಮಾಡಿ, ಇಲ್ಲವಾದರೆ ಜಾಗ ಬಿಡಿ. ‘ಬರೆದುಇಟ್ಟ’ ಎಂದು ಪದದ ನಡುವೆ ಇಡೀ ‘ಇ’ ಅಕ್ಷರ ಕೂರಿಸುವುದು ಎರಡಕ್ಕೂ ಸಲ್ಲದ ರೂಪ. ‘ಮಾಡುತ್ತಾ ಇದ್ದಾನೆ’ ಸರಿ, ‘ಮಾಡುತ್ತಿದ್ದಾನೆ’ ಸರಿ, ‘ಮಾಡುತ್ತಾಇದ್ದಾನೆ’ ತಪ್ಪು.

ಕಷ್ಟವಿರುವುದು ವ್ಯಂಜನದಿಂದ ಶುರುವಾಗುವ ಬಿಡು, ಕೊಳ್ಳು, ಹೋಗು, ಕೊಡು, ಹಾಕು, ನೋಡು ಇವುಗಳಲ್ಲಿ. ಇಲ್ಲಿ ಯಾವ ಅಕ್ಷರವೂ ಬೀಳುವುದಿಲ್ಲ, ಬದಲಾಗುವುದಿಲ್ಲ. ಜೊತೆಗೆ ಇವೆಲ್ಲ ಸ್ವಂತ ಅರ್ಥವಿರುವ ಕ್ರಿಯಾಪದಗಳೂ ಹೌದು. ಬಿಡು ಅಂದರೆ ಕೈಬಿಡುವುದು, ಕೊಳ್ಳು ಅಂದರೆ ಖರೀದಿಸುವುದು. ಸಹಾಯಕ್ಕೆ ನಿಂತಾಗ ಆ ಸ್ವಂತ ಅರ್ಥ ಕರಗಿ, ‘ಮುಗಿದೇಹೋಯಿತು’, ‘ತನಗಾಗಿ’, ‘ಇನ್ನೊಬ್ಬರಿಗಾಗಿ’ ಎಂಬ ಛಾಯೆ ಮಾತ್ರ ಉಳಿಯುತ್ತದೆ. ಅರ್ಥ ಕರಗಿದ್ದರೆ ಕೂಡಿಸಿ, ಉಳಿದಿದ್ದರೆ ಬಿಡಿಸಿ.

ಕರಗಿದೆಯೋ ಉಳಿದಿದೆಯೋ ಎಂದು ಹೇಗೆ ಗೊತ್ತಾಗಬೇಕು? ಎರಡರ ನಡುವೆ ಒಂದು ಪದ ತೂರಿಸಿ ನೋಡಿ. ‘ಹಿಡಿದು ಅದೇ ಜಾಗದಲ್ಲಿ ಬಿಟ್ಟರು’ ಎಂದಾಗಲೂ ನಿಮ್ಮ ಅರ್ಥ ಹಾಗೇ ನಿಂತರೆ ಅವು ಎರಡು ಪದ. ‘ಪರೀಕ್ಷೆ ಮುಗಿಸಿಬಿಟ್ಟಳು’ ಎಂಬಲ್ಲಿ ‘ಮುಗಿಸಿ ನಿನ್ನೆ ಬಿಟ್ಟಳು’ ಎಂದು ತೂರಿಸಿದರೆ ವಾಕ್ಯವೇ ಕುಸಿಯುತ್ತದೆ, ಆದ್ದರಿಂದ ಅದು ಒಂದೇ ಪದ. ತೂರಿಸುವುದು ಪೂರ್ತಿ ಪದವಾಗಿರಬೇಕು. ಒತ್ತಿ ಹೇಳುವ ‘ಏ’ ಎಲ್ಲಿ ಬೇಕಾದರೂ ನುಸುಳುತ್ತದೆ (‘ಹಿಡಿದೇಬಿಟ್ಟರು’), ಅದರಿಂದ ಏನೂ ಸಾಬೀತಾಗುವುದಿಲ್ಲ. ಹಾಗೆ ನೋಡಿದರೆ ‘ಹಿಡಿದೇ ಬಿಟ್ಟರು’ ಎಂದು ಬಿಡಿಸಿದರೂ ಯಾರೂ ತಪ್ಪು ತಿಳಿಯುವುದಿಲ್ಲ, ಅಲ್ಲಿ ನಾನು ಹಟ ಹಿಡಿಯುವುದಿಲ್ಲ.

ಹಟ ಹಿಡಿಯುವುದು ‘ಕೊಳ್ಳು’ ವಿಷಯದಲ್ಲಿ. ‘ಅವನು ಸಾಲ ಮಾಡಿಕೊಂಡ’ ಅಂದರೆ ಸಾಲಕ್ಕೆ ಬಿದ್ದ. ‘ಅವನು ಸಾಲ ಮಾಡಿ ಕೊಂಡ’ ಅಂದರೆ ಸಾಲ ತೆಗೆದು ಏನನ್ನೋ ಖರೀದಿಸಿದ. ‘ಸಾಲ ಮಾಡಿ ಕೊಂಡ ಸೈಟು’ ಎಂಬಲ್ಲಿ ಜಾಗ ಬಿಡಲೇಬೇಕು. ಆದರೆ ‘ತೆಗೆದು ಕೊಂಡು’, ‘ತಿಳಿದು ಕೊಂಡು’, ‘ನೋಡಿ ಕೊಂಡು’ ಎಂದು ದಿನವೂ ಕಾಣುವ ಬರಹದಲ್ಲಿ ಯಾರೂ ಏನನ್ನೂ ಕೊಳ್ಳುತ್ತಿಲ್ಲ. ಇದರಲ್ಲಿ ಮೊಬೈಲ್ ಕೀಲಿಮಣೆಯ ಪಾಲೂ ಇದೆ. ‘ತಿಳಿದು’ ಎಂಬ ಸಲಹೆಯನ್ನು ಒತ್ತಿದ ತಕ್ಷಣ ಅದು ತಾನೇ ಒಂದು ಜಾಗ ಹಾಕುತ್ತದೆ. ಹಿಂದಕ್ಕೆ ಅಳಿಸಿ ಮುಂದುವರಿಯುವ ತಾಳ್ಮೆ ಬೇಕು.

‘ಬೇಕು’, ‘ಬಹುದು’, ‘ಬಾರದು’ ಇವುಗಳ ಕಥೆ ಬೇರೆ. ‘ಮಾಡಬೇಕು’ ಎಂಬುದನ್ನು ಒಡೆದರೆ ಉಳಿಯುವ ‘ಮಾಡ’ ಇವತ್ತಿನ ಕನ್ನಡದಲ್ಲಿ ಆ ಅರ್ಥದಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ. ಒಂಟಿಯಾಗಿ ನಿಂತರೆ ಅದು ‘ಮಾಡುವುದಿಲ್ಲ’ ಎಂಬ ನಿಷೇಧ: ‘ತಾನೂ ತಿನ್ನ, ಪರರಿಗೂ ಕೊಡ’ ಅನ್ನುತ್ತೇವಲ್ಲ, ಹಾಗೆ. ಇನ್ನು ‘ನೀರು ಕೊಡಬೇಕು’ ಎಂಬುದನ್ನು ‘ನೀರು ಕೊಡ ಬೇಕು’ ಎಂದು ಒಡೆದರೆ ಕೇಳುತ್ತಿರುವುದು ನೀರನ್ನೋ ಬಿಂದಿಗೆಯನ್ನೋ ಎಂದು ಓದುವವರು ತಡವರಿಸುತ್ತಾರೆ. ಈ ಗುಂಪನ್ನು ಎಂದೂ ಒಡೆಯಬಾರದು.

ಸಮಾಸಗಳಲ್ಲಿ ಅಕ್ಷರವೇ ದಾರಿ ತೋರಿಸುತ್ತದೆ. ಮಳೆ + ಕಾಲ = ಮಳೆಗಾಲ, ಆದೇಶ ಸಂಧಿಯಲ್ಲಿ ಕಕಾರ ಗಕಾರವಾಯಿತು. ಆ ‘ಗ’ ಹುಟ್ಟಿದ್ದೇ ಕೂಡಿದ್ದರಿಂದ. ಆದ್ದರಿಂದ ಫಲಕಗಳಲ್ಲಿ ಕಾಣುವ ‘ಮಳೆ ಗಾಲ’, ‘ಹಳೆ ಗನ್ನಡ’ ಎರಡೂ ಕೆಟ್ಟ ರೂಪಗಳು. ‘ಗಾಲ’ ಎಂಬ ಪದವೇ ಇಲ್ಲ. ಅಕ್ಷರ ಬದಲಾಗದ ಕಡೆ ಮತ್ತೆ ಅರ್ಥವನ್ನೇ ಕೇಳಬೇಕು. ‘ಕೈ ಕೊಟ್ಟ’ ಅಂದರೆ ಕೈ ಚಾಚಿದ, ‘ಕೈಕೊಟ್ಟ’ ಅಂದರೆ ನಂಬಿಸಿ ಮೋಸಮಾಡಿದ. ‘ಮುಖ್ಯ ರಸ್ತೆ’, ‘ಮುಖ್ಯರಸ್ತೆ’ ಹೀಗೆ ಅರ್ಥ ಕೆಡದ ಕಡೆ ಎರಡೂ ನಡೆಯುತ್ತವೆ. ಒಂದೇ ಫಲಕದಲ್ಲಿ ಎರಡನ್ನೂ ಬರೆಯದಿದ್ದರೆ ಸಾಕು.

ಕೂಡಿಸಿ ಎಂದು ಇಷ್ಟು ಹೇಳಿದ ಮೇಲೆ, ಬಿಡಿಸಬೇಕಾದ ಒಂದು ಜಾಗವನ್ನೂ ಹೇಳಲೇಬೇಕು. ‘ತೆಗೆದುಕೊಂಡುಹೋಗಿಬಿಟ್ಟಿದ್ದಾರೆ’ ಎಂಬಂಥ ಸರಪಳಿಯನ್ನು ಕಣ್ಣು ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಆದರೆ ಎಲ್ಲೆಂದರಲ್ಲಿ ಕತ್ತರಿಸುವ ಹಾಗೂ ಇಲ್ಲ. ಪದ ತೂರಿಸಿ ನೋಡಿ: ‘ತೆಗೆದುಕೊಂಡು ಮನೆಗೆ ಹೋಗಿಬಿಟ್ಟಿದ್ದಾರೆ’ ನಿಲ್ಲುತ್ತದೆ, ಏಕೆಂದರೆ ‘ಹೋಗು’ ಇಲ್ಲಿ ನಿಜವಾಗಿ ಹೋಗುವುದೇ. ಬೇರೆಲ್ಲಿ ತೂರಿಸಿದರೂ ನಿಲ್ಲುವುದಿಲ್ಲ. ಆದ್ದರಿಂದ ‘ತೆಗೆದುಕೊಂಡು ಹೋಗಿಬಿಟ್ಟಿದ್ದಾರೆ’ ಎಂದು ಒಂದೇ ಕಡೆ ಬಿಡಿಸಿ ಬರೆಯಬೇಕು.

ನನಗೆ ಹೆಚ್ಚು ಕಾಡುವ ಪದ ‘ಲಾಗುವುದಿಲ್ಲ’ ಎಂದು ಮುಗಿಯುವಂಥದ್ದು. ‘ಚೀಟಿ ಇಲ್ಲದೆ ಔಷಧಿ ಕೊಡಲಾಗುವುದಿಲ್ಲ’ ಎಂದು ಕೌಂಟರಿನ ಮೇಲೆ ಅಂಟಿಸಿರುತ್ತಾರೆ. ಇದು ‘ಕೊಡಲ್ಪಡುವುದಿಲ್ಲ’ ಎಂಬ ಕರ್ಮಣಿ ರೂಪವೋ, ‘ಕೊಡಲು ನಮ್ಮಿಂದ ಆಗುವುದಿಲ್ಲ’ ಎಂಬ ಅಸಾಧ್ಯತೆಯೋ? ಕೂಡಿಸಿದ ರೂಪ ಎರಡಕ್ಕೂ ಒಂದೇ. ವ್ಯಾಕರಣದ ಪ್ರಕಾರ ತಪ್ಪಿಲ್ಲ, ಆದರೆ ಎದುರಿಗೆ ನಿಂತವರಿಗೆ ಇನ್ನೊಮ್ಮೆ ಕೇಳಬಹುದೋ ಬೇಡವೋ ತಿಳಿಯುವುದಿಲ್ಲ. ಆಗದ ಮಾತಾದರೆ ಸಂಧಿ ಬಿಟ್ಟು ‘ಕೊಡಲು ಆಗುವುದಿಲ್ಲ’ ಎಂದು ಬರೆಯಿರಿ, ಇಲ್ಲಿ ಸಂಧಿ ಕಡ್ಡಾಯವಲ್ಲ. ನಿಯಮದ ಮಾತಾದರೆ ‘ಕೊಡುವುದಿಲ್ಲ’ ಅನ್ನಿ, ಕೌಂಟರಿನಲ್ಲಿ ಕೂತವರು ಬಾಯಲ್ಲಿ ಹೇಳುವುದೂ ಅದನ್ನೇ.