ಭಾವನಿಗೊಂದು ಮೇಲ್

ಶಿರಸಿಯಲ್ಲಿ ಕೂತು ಡಿಸೈನ್ ಕೆಲಸ ಮಾಡುವವರ ಕಷ್ಟ ಬೇರೆ. ಇಲ್ಲಿ ಗ್ರಾಹಕ ಬರೀ ಗ್ರಾಹಕನಾಗಿ ಉಳಿಯುವುದಿಲ್ಲ. ಎರಡು ಮಾತಾಡುವಷ್ಟರಲ್ಲಿ ಯಾವುದೋ ಕಡೆಯಿಂದ ಭಾವನಾಗಿಬಿಡುತ್ತಾನೆ. ಭಾವನಿಗೆ 'ನಿಮ್ಮಿಂದಾಗಿ ಕೆಲಸ ನಿಂತಿದೆ' ಎಂದು ಬರೆಯುವುದು ಹೇಗೆ? ಬರೆಯದಿದ್ದರೆ ಕೆಲಸ ಮುಗಿಯುವುದು ಹೇಗೆ?

ಈ ಭಾವನದು ಜೋನಿಬೆಲ್ಲ, ಅಚ್ಚಿಗೆ ಹಾಕದೆ ನೀರಾಗೇ ಉಳಿಸಿದ ಬೆಲ್ಲ. ಬಾಟಲಿಗೆ ತುಂಬಿ ಮಾರಿಕಾಂಬಾ ಜಾತ್ರೆಯಲ್ಲಿ ಮಾರುವ ಆಸೆ. ಲೇಬಲ್ ಮಾಡುವ ಕೆಲಸ ನನ್ನದು. ಎರಡು ನಮೂನೆ ಕಳಿಸಿದೆ. "ನೋಡಿ ಹೇಳ್ತಿ" ಅಂದರು. ಅಷ್ಟೇ. ಹಾಗಂತ ಅವರು ಸೋಮಾರಿಯಲ್ಲ. ಆಲೆಮನೆ ಶುರುವಾಗಿದೆ, ಬೆಲ್ಲದ ಕೊಪ್ಪರಿಗೆ ಮುಂದೆ ನಿಂತವರಿಗೆ ಅಂಟು ಕೈಯಲ್ಲಿ ಫೋನ್ ಮುಟ್ಟಲಾಗುವುದಿಲ್ಲ. ಜೊತೆಗೆ, 'ಹೇಗಿದೆ ನೋಡಿ' ಎಂಬ ಪ್ರಶ್ನೆಗೆ ಯಾರೂ ಬೇಗ ಉತ್ತರ ಕೊಡುವುದಿಲ್ಲ. ಮನೆಯಲ್ಲಿ ತೋರಿಸಬೇಕು, ಬೆಂಗಳೂರಿನ ಮಗನಿಗೆ ಕಳಿಸಬೇಕು, ಅಲ್ಲಿಗೆ ವಾರ ಹೋಯಿತು.

ಹಾಗಾಗಿ ಮೇಲ್‌ನಲ್ಲಿ 'ಅಭಿಪ್ರಾಯ ತಿಳಿಸಿ' ಎಂಬ ಮಾತನ್ನೇ ಬಿಟ್ಟೆ. ವಿಷಯದ ಸಾಲಿನಲ್ಲಿ ಹೀಗೆ ಹಾಕಿದೆ: 'ಜೋನಿಬೆಲ್ಲ ಲೇಬಲ್: ಗುರುವಾರದೊಳಗೆ ನಾಲ್ಕು ಉತ್ತರ ಬೇಕು'. ಒಳಗಿನದು ಇಷ್ಟು:

"ಭಾವ, ನಮಸ್ಕಾರ. ಚಿತ್ರ, ಅಕ್ಷರ ಎಲ್ಲ ತಯಾರಾಗಿದೆ. ಈ ನಾಲ್ಕು ಸಿಗದೆ ಪ್ರೆಸ್ಸಿಗೆ ಕಳಿಸಲು ಬರುವುದಿಲ್ಲ. ಎಫ್‌ಎಸ್‌ಎಸ್‌ಎಐ ಲೈಸೆನ್ಸಿನ 14 ಅಂಕಿ, ಸುಮ್ನೆ ಒಂದು ಫೋಟೋ ತೆಗೆದು ಕಳಿಸಿದರೂ ಸಾಕು. ಬಾಟಲಿಯ ನಿವ್ವಳ ತೂಕ. ಎಲ್ಲ ತೆರಿಗೆ ಸೇರಿ ಬೆಲೆ. ಹಿನ್ನೆಲೆ ಹಸಿರೋ ಕಂದೋ."

ತೂಕದ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯಬೇಕಾಯಿತು. ಭಾವ ಮೊದಲಿನಿಂದಲೂ 'ಅರ್ಧ ಲೀಟರ್ ಬಾಟಲಿ' ಅನ್ನುತ್ತಿದ್ದರು. ಆದರೆ ಜೋನಿಬೆಲ್ಲ ನೀರಿಗಿಂತ ಭಾರ. ಅರ್ಧ ಲೀಟರ್ ಬಾಟಲಿಯಲ್ಲಿ ಹೆಚ್ಚುಕಮ್ಮಿ 700 ಗ್ರಾಂ ಹಿಡಿಯುತ್ತದೆ. ಲೇಬಲ್ ಮೇಲೆ 500 ಗ್ರಾಂ ಎಂದು ಹಾಕಿದರೆ ಬಾಟಲಿ ತುಂಬುವ ಭಾವನಿಗೇ ನಷ್ಟ. ತೂಕ ಜಾಸ್ತಿಯಾದರೆ ಆ ಅಂಕಿಯ ಎತ್ತರವೂ ಜಾಸ್ತಿ ಇರಬೇಕೆಂದು ನಿಯಮವಿದೆ, ಅಂದರೆ ಪಕ್ಕದ ಕಬ್ಬಿನ ಚಿತ್ರ ಸರಿಯಬೇಕು. ಇದನ್ನು ನಾನು ಊಹೆ ಮಾಡಿ ಹಾಕುವಂತಿಲ್ಲ. ಒಂದು ಬಾಟಲಿ ತುಂಬಿ ತಕ್ಕಡಿಗಿಟ್ಟು, ಖಾಲಿ ಬಾಟಲಿಯ ತೂಕ ಕಳೆದು ಹೇಳಿ ಎಂದು ಬರೆದೆ. ಅಭಿಪ್ರಾಯ ಕೇಳಿದರೆ ತಡವಾಗುತ್ತದೆ, ತಕ್ಕಡಿ ಕೇಳಿದರೆ ಅಲ್ಲೇ ಆಗಿಹೋಗುತ್ತದೆ ಅಲ್ವಾ?

ಗುರುವಾರವೇ ಯಾಕೆ ಅನ್ನುವುದನ್ನೂ ಹೇಳಬೇಕು. ಇಲ್ಲದಿದ್ದರೆ ಡಿಸೈನರನ ಅವಸರ ಅಂದುಕೊಳ್ಳುತ್ತಾರೆ. ಜಾತ್ರೆ ಎರಡು ವರ್ಷಕ್ಕೊಮ್ಮೆ. ಲೇಬಲ್ ಬಂದಿಲ್ಲ ಅಂತ ಅಮ್ಮ ರಥ ಏರುವುದನ್ನು ಮುಂದೆ ಹಾಕುವುದಿಲ್ಲ. ಮಂಗಳವಾರ ಜಾತ್ರೆ ಶುರು. ಭಾನುವಾರ, ಸೋಮವಾರ ಬಾಟಲಿಗೆ ಅಂಟಿಸಬೇಕು. ಶನಿವಾರ ಹುಬ್ಬಳ್ಳಿಯಿಂದ ರೋಲ್ ಬಸ್ಸಿಗೆ ಬರಬೇಕು. ಮುದ್ರಿಸಿ ಕತ್ತರಿಸಲು ಪ್ರೆಸ್‌ನವರು ಕೇಳುವುದು ಆರು ಕೆಲಸದ ದಿನ. ಹಾಗಾಗಿ ಫೈಲ್ ಹಿಂದಿನ ವಾರದ ಶುಕ್ರವಾರ ಸಂಜೆಗೆ ಹೋಗಬೇಕು, ಉತ್ತರ ಗುರುವಾರ ಬರಬೇಕು. ಹಿಂದಿನಿಂದ ಎಣಿಸಿದ ಈ ಲೆಕ್ಕವನ್ನು ಹಾಗೇ ಮೇಲ್‌ನಲ್ಲಿಟ್ಟೆ. ಬೈಗುಳವೂ ಇಲ್ಲ, ಬೇಡಿಕೊಂಡದ್ದೂ ಇಲ್ಲ.

'ಉತ್ತರ ಬಾರದಿದ್ದರೆ ಒಪ್ಪಿಗೆ ಎಂದುಕೊಳ್ಳುತ್ತೇನೆ' ಎಂದು ಬರೆಯುವ ಚಾಳಿ ನಮ್ಮವರಲ್ಲಿದೆ. ಬಣ್ಣಕ್ಕೆ ಅದು ನಡೆಯುತ್ತದೆ. 'ಗುರುವಾರ ಸಂಜೆ ಐದರೊಳಗೆ ಹೇಳದಿದ್ದರೆ ಹಸಿರು' ಎಂದು ನಾನೂ ಬರೆದೆ. ಲೈಸೆನ್ಸ್ ನಂಬರು, ತೂಕ, ಬೆಲೆಗೆ ನಡೆಯುವುದಿಲ್ಲ. ಒಂದು ಅಂಕಿ ತಪ್ಪಿದರೆ ರೋಲ್ ಪೂರ್ತಿ ದಂಡ, ಭಾವನ ಮೌನವನ್ನು ತೋರಿಸಿ ನಾನು ಪಾರಾಗುವುದೂ ಸಾಧ್ಯವಿಲ್ಲ. ಬ್ಯಾಚ್ ನಂಬರು, ಪ್ಯಾಕ್ ಮಾಡಿದ ತಾರೀಖಿಗೆ ಮಾತ್ರ ಖಾಲಿ ಜಾಗ ಬಿಟ್ಟಿದ್ದೇನೆ. ಅದನ್ನು ಅವರೇ ಆಮೇಲೆ ಸೀಲ್ ಒತ್ತಿಕೊಳ್ಳಬಹುದು.

ಬಾಕಿ ದುಡ್ಡಿನ ಸುದ್ದಿಯನ್ನು ಈ ಮೇಲ್‌ನಲ್ಲಿ ಎತ್ತಲಿಲ್ಲ. ಎತ್ತಿದರೆ ಭಾವ ಅದಕ್ಕಷ್ಟೇ 'ಬೆಲ್ಲ ಮಾರಿದ ಮೇಲೆ ನೋಡನ' ಎಂದು ಉತ್ತರಿಸಿ, ನಾಲ್ಕು ಪ್ರಶ್ನೆಗೂ ಉತ್ತರ ಕೊಟ್ಟಂತೆ ನಿರಾಳರಾಗುತ್ತಾರೆ. ಬಿಲ್ಲಿಗೆ ಬೇರೆ ಮೇಲ್. ಬೆಂಗಳೂರಿನ ಮಗನಿಗೆ ಮಾತ್ರ ಇದರ ಪ್ರತಿ ಹಾಕಿ, 'ನಿಮ್ಮಿಬ್ಬರಲ್ಲಿ ಒಬ್ಬರೇ ಉತ್ತರಿಸಿ' ಎಂದು ಸೇರಿಸಿದೆ. ಅಪ್ಪ ಕಂದು, ಮಗ ಹಸಿರು ಅಂದರೆ ನಡುವೆ ಪಂಚಾಯ್ತಿಗೆ ಕೂರುವವರು ಯಾರು?

ಬುಧವಾರ ರಾತ್ರಿ ಉತ್ತರ ಬಂತು. ಲೈಸೆನ್ಸಿನ ಫೋಟೋ ಇತ್ತು. ಬೆಲೆ ಇತ್ತು. ತೂಕ 690 ಗ್ರಾಂ, ಜೊತೆಗೆ ತಕ್ಕಡಿಯ ಚಿತ್ರ. ಬಣ್ಣದ ಬಗ್ಗೆ ಕೊನೆಯಲ್ಲಿ ಒಂದೇ ಸಾಲು: "ಅದು ನಿನ್ನ ಅಕ್ಕನ್ನ ಕೇಳವು."